ಸದುದ್ದೇಶದ ಬಾಂಬಿಗೂ ಅನುಮತಿ ಬೇಕು

1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರು ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಮರುವರ್ಷ ಅವರು ಮೈಸೂರಿನ ದಿವಾನರಾಗಿ ಬಂದರು. ಈ ಸಂಸ್ಥಾನದ ಕೊನೆಯ ದಿವಾನರೂ ಅವರೇ. ಮೈಸೂರಿನಲ್ಲಿ ಈಚೆಗೆ ನಡೆದ ಅಂತರ ಕಾಲೇಜು ಚರ್ಚಾಸ್ಪರ್ಧೆಯೊಂದರಲ್ಲಿ ವಾದಕ್ಕೆ ಬಂದದ್ದು ಅವರು ಸಹಿ ಹಾಕಿದ ಆ ಸನ್ನದಿನ ಒಂದು ವಾಕ್ಯ. ನಾನು ಕಾನೂನು ಪಾಠ ಮಾಡುವವನು, ಅಂದು ತೀರ್ಪುಗಾರರಲ್ಲಿ ಒಬ್ಬ. ವಿಷಯ ಹೀಗಿತ್ತು: ‘ಭದ್ರತಾ ಮಂಡಳಿಯ ಅನುಮತಿ ಇಲ್ಲದ ಮಾನವೀಯ ಸೇನಾ ಹಸ್ತಕ್ಷೇಪ ಎಂದಿಗೂ ಕಾನೂನುಬದ್ಧವಾಗದು.’

ಪರವಾಗಿ ಮಾತಾಡಿದವಳು ಮಂಡ್ಯ ಕಡೆಯ ಒಬ್ಬ ವಿದ್ಯಾರ್ಥಿನಿ. ಅವಳ ಭಾಷಣವನ್ನು ಇಲ್ಲಿ ಬಿಡಿಸಿ ನೋಡಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಇದು ಕೇಳುಗರ ಮನಸ್ಸನ್ನು ಸುಲಭವಾಗಿ ಗೆಲ್ಲುವ ಪಕ್ಷವಲ್ಲ. ಎದುರಿನವರು ಸತ್ತ ಮಕ್ಕಳ ಚಿತ್ರ ಕಣ್ಣಮುಂದೆ ತಂದು ನಿಲ್ಲಿಸಿದರೆ ಸಾಕು, ಸಭೆ ಅವರ ಕಡೆ ವಾಲುತ್ತದೆ. ಆದರೂ ಈ ಪಕ್ಷವೇ ಸರಿ ಎಂದು ನಾನು ನಂಬಿದ್ದೇನೆ. ಉಕ್ರೇನಿನ ಮೇಲೆ ರಷ್ಯಾ ದಾಳಿ ಮಾಡಿದ ಮೇಲಂತೂ ಆ ನಂಬಿಕೆ ಇನ್ನಷ್ಟು ಗಟ್ಟಿಯಾಗಿದೆ.

ಮೊದಲು ಆ ವಾಕ್ಯವನ್ನು ನೋಡೋಣ. ಸನ್ನದಿನ 2ನೇ ವಿಧಿಯ 4ನೇ ಉಪವಿಧಿ ಹೇಳುವುದಿಷ್ಟು: ಯಾವ ಸದಸ್ಯ ರಾಷ್ಟ್ರವೂ ಇನ್ನೊಂದು ರಾಷ್ಟ್ರದ ಭೂಪ್ರದೇಶದ ಸಮಗ್ರತೆಗೆ ಅಥವಾ ರಾಜಕೀಯ ಸ್ವಾತಂತ್ರ್ಯಕ್ಕೆ ವಿರುದ್ಧವಾಗಿ, ಇಲ್ಲವೇ ವಿಶ್ವಸಂಸ್ಥೆಯ ಉದ್ದೇಶಗಳಿಗೆ ಹೊಂದದ ಬೇರಾವುದೇ ರೀತಿಯಲ್ಲಿ ಬಲ ಪ್ರಯೋಗಿಸಬಾರದು, ಬಲ ಪ್ರಯೋಗದ ಬೆದರಿಕೆಯನ್ನೂ ಹಾಕಬಾರದು. ಇದಕ್ಕೆ ಸನ್ನದೇ ಎರಡು ಬಾಗಿಲು ಬಿಟ್ಟಿದೆ. ಒಂದು 51ನೇ ವಿಧಿ: ಸಶಸ್ತ್ರ ದಾಳಿ ನಡೆದರೆ ಆತ್ಮರಕ್ಷಣೆ ಮಾಡಿಕೊಳ್ಳಬಹುದು. ಇನ್ನೊಂದು 7ನೇ ಅಧ್ಯಾಯ: ಶಾಂತಿಗೆ ಧಕ್ಕೆ ಬಂದಿದೆ ಎಂದು ಭದ್ರತಾ ಮಂಡಳಿ ತೀರ್ಮಾನಿಸಿ ಅನುಮತಿ ಕೊಡಬಹುದು. ತನ್ನ ನೆಲದ ಸರ್ಕಾರವೇ ಕರೆದು ಸೇನೆ ತರಿಸಿಕೊಂಡರೆ ಅದು ಹಸ್ತಕ್ಷೇಪವೇ ಅಲ್ಲ, ಹಾಗಾಗಿ ಅದು ಈ ಚರ್ಚೆಯ ಹೊರಗೆ. ಹುಡುಗಿ ಇದನ್ನು ಮೊದಲ ನಿಮಿಷದಲ್ಲೇ ಹೇಳಿ ಮುಗಿಸಿದಳು. ಒಳ್ಳೆಯದೇ ಮಾಡಿದಳು. ಇಲ್ಲವಾದರೆ ಎದುರಿನವರು ಆಹ್ವಾನದ ಮೇಲೆ ಹೋದ ಸೇನೆಗಳ ಉದಾಹರಣೆ ತಂದು ಅರ್ಧ ಸಮಯ ತಿನ್ನುತ್ತಿದ್ದರು.

ಎದುರಿನ ಪಕ್ಷದ ಬುದ್ಧಿವಂತ ವಾದ ಆ ವಾಕ್ಯದೊಳಗಿಂದಲೇ ಹುಟ್ಟುತ್ತದೆ. ಭೂಪ್ರದೇಶದ ಸಮಗ್ರತೆ, ರಾಜಕೀಯ ಸ್ವಾತಂತ್ರ್ಯ ಎಂದಲ್ಲವೇ ಬರೆದಿರುವುದು? ನಾವು ಒಂದಿಂಚು ನೆಲವನ್ನೂ ಕಸಿಯುವುದಿಲ್ಲ, ಸರ್ಕಾರವನ್ನೂ ಉರುಳಿಸುವುದಿಲ್ಲ, ಜನರನ್ನು ಉಳಿಸಿ ವಾಪಸು ಬರುತ್ತೇವೆ, ಅಂದ ಮೇಲೆ ನಿಷೇಧ ನಮಗೆ ಹೇಗೆ ಅನ್ವಯಿಸುತ್ತದೆ? ಮೊದಲ ಬಾರಿ ಕೇಳಿದಾಗ ಇದು ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಆ ಪದಗಳು ಬಂದ ದಾರಿಯೇ ಬೇರೆ. ಕರಡಿನಲ್ಲಿ ಅವು ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಣ್ಣ ರಾಷ್ಟ್ರಗಳು ತಮಗೆ ಇನ್ನಷ್ಟು ಭದ್ರವಾದ ಭರವಸೆ ಬೇಕೆಂದು ಪಟ್ಟು ಹಿಡಿದವು. ಆಸ್ಟ್ರೇಲಿಯಾ ಮಂಡಿಸಿದ ತಿದ್ದುಪಡಿಯ ಮೂಲಕ ಆ ಪದಗಳು ಸೇರಿದವು. ನಿಷೇಧವನ್ನು ಬಲಪಡಿಸಲೆಂದು ಸೇರಿಸಿದ ಮಾತನ್ನೇ ನಿಷೇಧದ ಕಿಂಡಿಯಾಗಿ ಓದುವುದು ಸರಿಯಲ್ಲ.

ಈ ಓದನ್ನು ನ್ಯಾಯಾಲಯದ ಮುಂದೆ ಬಹಳ ಹಿಂದೆಯೇ ಪರೀಕ್ಷೆಗೆ ಒಡ್ಡಲಾಗಿದೆ. 1946ರ ಅಕ್ಟೋಬರ್ 22ರಂದು ಅಲ್ಬೇನಿಯಾದ ಕರಾವಳಿಗೆ ತಾಗಿದ ಕಾರ್ಫು ಜಲಸಂಧಿಯಲ್ಲಿ ಬ್ರಿಟನ್ನಿನ ಎರಡು ಯುದ್ಧನೌಕೆಗಳಿಗೆ ನೀರಿನಡಿ ಹುದುಗಿಸಿಟ್ಟ ಸಿಡಿಗುಂಡುಗಳು ತಗುಲಿ 44 ನಾವಿಕರು ಸತ್ತರು. ಮೂರು ವಾರ ಕಳೆಯುವಷ್ಟರಲ್ಲಿ ಬ್ರಿಟನ್ ನೌಕಾಪಡೆ ಅಲ್ಬೇನಿಯಾದ ಒಪ್ಪಿಗೆ ಇಲ್ಲದೆ ಅದರ ಜಲಪ್ರದೇಶಕ್ಕೆ ನುಗ್ಗಿ, ಅಲ್ಲಿದ್ದ 22 ಸಿಡಿಗುಂಡುಗಳನ್ನು ಬಾಚಿ ತೆಗೆಯಿತು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಬ್ರಿಟನ್ ಹೇಳಿದ್ದು ಇದನ್ನೇ: ನಾವು ಅಲ್ಬೇನಿಯಾದ ನೆಲ ಮುಟ್ಟಲಿಲ್ಲ, ಅದರ ಸ್ವಾತಂತ್ರ್ಯಕ್ಕೆ ಕೈ ಹಾಕಲಿಲ್ಲ, ಸಾಕ್ಷ್ಯ ಕಾಪಾಡಿ ನ್ಯಾಯಾಲಯಕ್ಕೆ ತರಬೇಕಿತ್ತು, ತಂದೆವು. ಬ್ರಿಟನ್ನಿನ ಅಳಲು ನಿಜವಾದದ್ದು, ಸತ್ತವರು ಅದರ ಮಕ್ಕಳೇ. ಸ್ಫೋಟಗಳಿಗೆ ಅಲ್ಬೇನಿಯಾವೇ ಹೊಣೆ ಎಂದು ನ್ಯಾಯಾಲಯವೂ ಒಪ್ಪಿತು. ಹಾಗಿದ್ದೂ 1949ರ ಏಪ್ರಿಲ್ 9ರ ತೀರ್ಪಿನಲ್ಲಿ, ಸಿಡಿಗುಂಡು ತೆಗೆಯುವ ಆ ಕಾರ್ಯಾಚರಣೆ ಅಲ್ಬೇನಿಯಾದ ಸಾರ್ವಭೌಮತ್ವದ ಉಲ್ಲಂಘನೆ ಎಂದು ನ್ಯಾಯಾಧೀಶರು ಒಮ್ಮತದಿಂದ ಹೇಳಿದರು. ಹಸ್ತಕ್ಷೇಪದ ಹಕ್ಕು ಎಂಬುದನ್ನು ಒಪ್ಪಿಕೊಂಡರೆ ಅದು ಬಲಾಢ್ಯರ ಪಾಲಿಗೆ ಮಾತ್ರ ಮೀಸಲಾಗುತ್ತದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಒಬ್ಬ ಸೈನಿಕನೂ ಅಲ್ಬೇನಿಯಾದ ದಡ ಹತ್ತದ, ಎರಡೇ ದಿನಗಳ ಕಾರ್ಯಾಚರಣೆಗೇ ಈ ಉತ್ತರ ಸಿಕ್ಕಿದ ಮೇಲೆ ವಾರಗಟ್ಟಲೆ ಬಾಂಬು ಸುರಿಸುವವರು ಅದೇ ವಾದ ಹೂಡಿದರೆ ಹೇಗೆ ನಿಲ್ಲುತ್ತದೆ?

ವಾರಗಟ್ಟಲೆ ಎಂದಾಗ ಕೊಸೊವೊ ಬರಲೇಬೇಕು. ಅಂದಿನ ಭಾಷಣದ ಬೆನ್ನೆಲುಬೂ ಅದೇ ಆಗಿತ್ತು.

ಯುಗೊಸ್ಲಾವಿಯದ ಸರ್ಬಿಯಾ ಗಣರಾಜ್ಯಕ್ಕೆ ಸೇರಿದ್ದ ಕೊಸೊವೊ ಪ್ರಾಂತದಲ್ಲಿ ಅಲ್ಬೇನಿಯನ್ ಜನಾಂಗದವರೇ ಬಹುಸಂಖ್ಯಾತರು. 1998ರ ಹೊತ್ತಿಗೆ ಅಲ್ಲಿ ಯುಗೊಸ್ಲಾವಿಯದ ಅಧ್ಯಕ್ಷ ಮಿಲೊಸೆವಿಚ್ ಸರ್ಕಾರದ ಪಡೆಗಳಿಗೂ ಪ್ರತ್ಯೇಕತಾವಾದಿ ಬಂಡುಕೋರರಿಗೂ ಕಾಳಗ ಶುರುವಾಗಿ ಲಕ್ಷಾಂತರ ಜನ ಮನೆ ಬಿಟ್ಟಿದ್ದರು. ಭದ್ರತಾ ಮಂಡಳಿ ಸುಮ್ಮನೆ ಕೂತಿರಲಿಲ್ಲ. ಆ ವರ್ಷ ಅದು 1160, 1199, 1203 ಸಂಖ್ಯೆಯ ಮೂರು ನಿರ್ಣಯಗಳನ್ನು ಅಂಗೀಕರಿಸಿತು. ಮರುವರ್ಷ ಯುಗೊಸ್ಲಾವಿಯದ ಮೇಲೆ ಬಾಂಬು ಹಾಕಿದ್ದು ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಒಕ್ಕೂಟವಾದ ನೇಟೊ; ಅದರ ಪರ ವಾದಿಸುವವರು ಇವನ್ನೇ ಮುಂದೆ ಮಾಡುತ್ತಾರೆ. ಮಂಡಳಿಯೇ 7ನೇ ಅಧ್ಯಾಯದಡಿ ಮೂರು ಸಲ ಹೇಳಿದೆ, ಮಿಲೊಸೆವಿಚ್ ಕೇಳಲಿಲ್ಲ, ಆದ್ದರಿಂದ ಜಾರಿ ಮಾಡಿದೆವು ಎನ್ನುವುದು ಅವರ ವಾದ.

ಇಲ್ಲಿ ನಿರ್ಣಯದ ಪಠ್ಯವನ್ನು ಕೈಯಲ್ಲಿ ಹಿಡಿದು ಓದಬೇಕು. ಮಂಡಳಿ ಯುದ್ಧಕ್ಕೆ ಅನುಮತಿ ಕೊಡುವಾಗ ಬಳಸುವ ಮಾತು ಗೊತ್ತಿರುವಂಥದ್ದೇ. ಕುವೈತಿನಿಂದ ಇರಾಕನ್ನು ಹೊರಹಾಕಲು 1990ರ ನವೆಂಬರ್ 29ರಂದು ಅಂಗೀಕರಿಸಿದ 678ನೇ ನಿರ್ಣಯ, ‘ಅಗತ್ಯವಾದ ಎಲ್ಲ ಕ್ರಮಗಳನ್ನು’ ಕೈಗೊಳ್ಳಲು ಸದಸ್ಯ ರಾಷ್ಟ್ರಗಳಿಗೆ ಅಧಿಕಾರ ಕೊಟ್ಟಿತು. ಕೊಸೊವೊ ಕುರಿತ ಮೂರರಲ್ಲಿ ಒಂದರಲ್ಲೂ ಈ ಮಾತಿಲ್ಲ. 1199ರಲ್ಲಿ ಇರುವುದು, ಹೇಳಿದ ಕ್ರಮಗಳು ಜಾರಿಯಾಗದಿದ್ದರೆ ಮಂಡಳಿ ಮುಂದಿನ ಕ್ರಮವನ್ನು ಪರಿಶೀಲಿಸುತ್ತದೆ ಎಂಬುದಷ್ಟೆ. ಪರಿಶೀಲಿಸುವುದು ಮಂಡಳಿ, ನೇಟೊ ಅಲ್ಲ. ಅನುಮತಿಯ ಮಾತು ಬಂದಿದ್ದರೆ ರಷ್ಯಾ ವೀಟೊ ಚಲಾಯಿಸುವುದು ಖಚಿತವಿತ್ತು. ಆ ಕಾರಣಕ್ಕೇ ಯಾರೂ ಅಂಥ ಕರಡನ್ನು ಮತಕ್ಕೆ ಹಾಕಲಿಲ್ಲ. ಕೇಳಿದರೆ ಸಿಗುವುದಿಲ್ಲ ಎಂದು ಗೊತ್ತಿದ್ದು ಕೇಳದೆಯೇ ಹೋದವರು, ಆಮೇಲೆ ಅರ್ಧ ಅನುಮತಿ ಇತ್ತು ಎಂದರೆ ಒಪ್ಪಲಾಗದು.

1999ರ ಮಾರ್ಚ್ 24ರಂದು ಬಾಂಬ್ ದಾಳಿ ಶುರುವಾಯಿತು, 78 ದಿನ ನಡೆಯಿತು. ಮೂರನೇ ದಿನಕ್ಕೇ, ಮಾರ್ಚ್ 26ರಂದು, ದಾಳಿಯನ್ನು ಖಂಡಿಸಿ ತಕ್ಷಣ ನಿಲ್ಲಿಸಲು ಹೇಳುವ ಕರಡು ನಿರ್ಣಯ ಮಂಡಳಿಯಲ್ಲಿ ಮತಕ್ಕೆ ಬಂತು. ಮಂಡಿಸಿದ್ದು ರಷ್ಯಾ, ಬೆಲಾರುಸ್ ಮತ್ತು ಭಾರತ. ಆಗ ಭಾರತ ಮಂಡಳಿಯ ಸದಸ್ಯ ಅಲ್ಲ, ಮತ ಇಲ್ಲ; ಆದರೂ ಕರಡಿಗೆ ಜೊತೆಯಾಯಿತು, ಹೋಗಿ ಮಾತಾಡಿತು. ನೇಟೊ ಮಾಡಿದ್ದು ಸನ್ನದಿನ 53ನೇ ವಿಧಿಯ ನೇರ ಉಲ್ಲಂಘನೆ ಎಂಬುದು ನಮ್ಮ ಪ್ರತಿನಿಧಿಯ ನಿಲುವು. ಪ್ರಾದೇಶಿಕ ಒಕ್ಕೂಟಗಳು ಮಂಡಳಿಯ ಅನುಮತಿ ಇಲ್ಲದೆ ಬಲವಂತದ ಕ್ರಮಕ್ಕೆ ಇಳಿಯಬಾರದು ಎನ್ನುವ ವಿಧಿ ಅದು. ಎಷ್ಟೇ ಬಲಶಾಲಿಯಾದ ದೇಶವಾಗಲಿ, ದೇಶಗಳ ಗುಂಪಾಗಲಿ, ಇಂಥ ಹಕ್ಕನ್ನು ತಾನೇ ತೆಗೆದುಕೊಳ್ಳುವಂತಿಲ್ಲ ಎಂದು ಭಾರತ ಆ ದಿನಗಳಲ್ಲಿ ಖಡಾಖಂಡಿತವಾಗಿ ಹೇಳಿತು.

ಕರಡು ಬಿದ್ದುಹೋಯಿತು. ಪರವಾಗಿ ರಷ್ಯಾ, ಚೀನಾ, ನಮೀಬಿಯ, ಮೂರೇ ಮತ, ವಿರುದ್ಧ 12. ಎದುರಿನ ತಂಡದ ಹುಡುಗ ಈ ಅಂಕಿಯನ್ನು ಕೋಲಿನಂತೆ ಹಿಡಿದುಕೊಂಡು ಬಂದ. ಹನ್ನೆರಡು ರಾಷ್ಟ್ರಗಳು ಒಪ್ಪಿದವು, ಅಂದರೆ ಮಂಡಳಿಯ ಸಮ್ಮತಿ ಸಿಕ್ಕಿತು ಅಂತಲೇ ಅರ್ಥ ಎಂದ. ಹುಡುಗಿಯ ಉತ್ತರ ಚಿಕ್ಕದು, ಸರಿಯಾದದ್ದು. ಖಂಡಿಸಲು ಒಪ್ಪದಿರುವುದು ಬೇರೆ, ಅನುಮತಿಸುವುದು ಬೇರೆ. ಅನುಮತಿಗೆ ಒಂಬತ್ತು ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಒಬ್ಬರೂ ವೀಟೊ ಹಾಕಬಾರದು, ಜೊತೆಗೆ ಅಂಥದ್ದೊಂದು ನಿರ್ಣಯ ಇರಬೇಕು. ಬಿದ್ದುಹೋದ ಖಂಡನಾ ನಿರ್ಣಯದಿಂದ ಅದು ಹುಟ್ಟುವುದಿಲ್ಲ. ಇನ್ನೊಂದು ಮಾತನ್ನು ಅವಳು ಸೇರಿಸಬಹುದಿತ್ತು. ಮಂಡಳಿಯ ಹದಿನೈದು ಕುರ್ಚಿ ಇಡೀ ಜಗತ್ತಲ್ಲ. ಮರುವರ್ಷ, 2000ದ ಏಪ್ರಿಲ್‌ನಲ್ಲಿ, ನೂರಕ್ಕೂ ಹೆಚ್ಚು ಅಭಿವೃದ್ಧಿಶೀಲ ರಾಷ್ಟ್ರಗಳ ಜಿ-77 ಗುಂಪು ಹವಾನಾದಲ್ಲಿ ಸೇರಿ, ಮಾನವೀಯ ಹಸ್ತಕ್ಷೇಪದ ಹಕ್ಕು ಎನ್ನುವುದಕ್ಕೆ ಸನ್ನದಿನಲ್ಲಾಗಲಿ ಅಂತಾರಾಷ್ಟ್ರೀಯ ಕಾನೂನಿನ ಸಾಮಾನ್ಯ ತತ್ವಗಳಲ್ಲಾಗಲಿ ಆಧಾರವಿಲ್ಲ, ಅದನ್ನು ತಿರಸ್ಕರಿಸುತ್ತೇವೆ ಎಂದು ಘೋಷಿಸಿತು. ರೂಢಿಗತ ಕಾನೂನು ಬೆಳೆಯಬೇಕಾದರೆ ರಾಷ್ಟ್ರಗಳು ಹಾಗೆ ನಡೆದುಕೊಂಡರಷ್ಟೇ ಸಾಲದು, ಅದು ಕಾನೂನು ಎಂದು ನಂಬಿ ನಡೆದುಕೊಳ್ಳಬೇಕು. ಜಗತ್ತಿನ ಬಹುಪಾಲು ದೇಶಗಳು ಕೂಡದು ಎಂದು ಬರೆದುಕೊಟ್ಟ ಮೇಲೆ ಆ ನಂಬಿಕೆ ಎಲ್ಲಿಂದ ಬರಬೇಕು?

ದಾಳಿ ಮಾಡಿದ ರಾಷ್ಟ್ರಗಳಲ್ಲೂ ಆ ನಂಬಿಕೆ ಗಟ್ಟಿಯಾಗಿರಲಿಲ್ಲ. ಇದು ನನಗೆ ಇಡೀ ಪ್ರಕರಣದ ಅತ್ಯಂತ ಮುಖ್ಯ ಭಾಗ. 1999ರ ಏಪ್ರಿಲ್ 29ರಂದು ಯುಗೊಸ್ಲಾವಿಯ ಹತ್ತು ನೇಟೊ ರಾಷ್ಟ್ರಗಳ ಮೇಲೆ ಹೇಗ್‌ನಲ್ಲಿ ದಾವೆ ಹೂಡಿತು. ಮೇ ತಿಂಗಳ ವಿಚಾರಣೆಯಲ್ಲಿ, ಹೌದು, ಇದು ಮಾನವೀಯ ಹಸ್ತಕ್ಷೇಪ, ಇದು ಕಾನೂನುಬದ್ಧ ಎಂದು ಸಿದ್ಧಾಂತವಾಗಿಯೇ ಮಂಡಿಸಿದ್ದು ಬೆಲ್ಜಿಯಂ ಒಂದೇ. ಉಳಿದವು ನ್ಯಾಯಾಲಯಕ್ಕೆ ಈ ಮೊಕದ್ದಮೆ ಕೇಳುವ ಅಧಿಕಾರವೇ ಇಲ್ಲ ಎಂಬಲ್ಲಿ ನಿಂತವು. ಜರ್ಮನಿಯ ವಿದೇಶಾಂಗ ಸಚಿವರಂತೂ 1998ರಲ್ಲೇ ತಮ್ಮ ಸಂಸತ್ತಿನಲ್ಲಿ, ಇದು ಮುಂದಕ್ಕೆ ಪೂರ್ವನಿದರ್ಶನ ಆಗಬಾರದು ಎಂದಿದ್ದರು. ತನ್ನ ನಡೆ ಕಾನೂನುಬದ್ಧ ಎಂದು ಖಾತ್ರಿ ಇರುವವರು ಅದು ಇನ್ನೊಬ್ಬರಿಗೆ ಮೇಲ್ಪಂಕ್ತಿ ಆಗಬಾರದು ಎಂದು ಯಾಕೆ ಹೇಳುತ್ತಾರೆ?

ಕೊನೆಗೆ ನ್ಯಾಯಾಲಯ ಕಾನೂನುಬದ್ಧತೆಯ ಪ್ರಶ್ನೆಗೆ ಕೈ ಹಾಕಲೇ ಇಲ್ಲ. 2004ರ ಡಿಸೆಂಬರ್‌ನಲ್ಲಿ ಉಳಿದಿದ್ದ ಎಂಟು ಮೊಕದ್ದಮೆಗಳನ್ನೂ ಅಧಿಕಾರವ್ಯಾಪ್ತಿ ಇಲ್ಲವೆಂದು ಕೈಬಿಟ್ಟಿತು. ಹೇಗ್ ನೇಟೊವನ್ನು ಖುಲಾಸೆ ಮಾಡಿತು ಎಂದು ಯಾರಾದರೂ ಹೇಳಿದರೆ ಅದು ತಪ್ಪು. ತಪ್ಪಿತಸ್ಥ ಎಂದಿತು ಎಂದರೆ ಅದೂ ತಪ್ಪು. 1999ರ ಜೂನ್ 10ರ 1244ನೇ ನಿರ್ಣಯದ ಕತೆಯೂ ಹೀಗೆಯೇ. ಅದು ಆ ದಿನದಿಂದಾಚೆಗೆ, ಯುಗೊಸ್ಲಾವಿಯದ ಒಪ್ಪಿಗೆಯ ಮೇಲೆ, ಕೊಸೊವೊದಲ್ಲಿ ಅಂತಾರಾಷ್ಟ್ರೀಯ ಪಡೆ ಇರಲು ಅವಕಾಶ ಕೊಟ್ಟಿತು. ಹಿಂದಿನ 78 ದಿನಗಳ ಬಗ್ಗೆ ಅದರಲ್ಲಿ ಕ್ಷಮೆಯೂ ಇಲ್ಲ, ಅನುಮೋದನೆಯೂ ಇಲ್ಲ.

ಬೆಲ್ಜಿಯಂ ತನ್ನ ವಾದಕ್ಕೆ ಕೊಟ್ಟ ಪೂರ್ವನಿದರ್ಶನಗಳ ಪಟ್ಟಿಯಲ್ಲಿ ಮೊದಲನೆಯದು ಪೂರ್ವ ಪಾಕಿಸ್ತಾನದಲ್ಲಿ ಭಾರತ ನಡೆಸಿದ ಕಾರ್ಯಾಚರಣೆ. ಭದ್ರತಾ ಮಂಡಳಿಯಲ್ಲಿ ಭಾರತ ನೇಟೊವನ್ನು ಖಂಡಿಸಿ ಎರಡು ತಿಂಗಳೂ ಆಗಿರಲಿಲ್ಲ, ಅಷ್ಟರಲ್ಲಿ ಹೇಗ್‌ನಲ್ಲಿ ನೇಟೊ ಸದಸ್ಯ ರಾಷ್ಟ್ರವೊಂದು ಭಾರತವನ್ನೇ ಸಾಕ್ಷಿಗೆ ಕರೆದಿತ್ತು. ಕನ್ನಡದ ಸಭೆಯಲ್ಲಿ ಈ ವಿಷಯ ಮಾತಾಡುವವರು 1971ನ್ನು ದಾಟದೆ ಮನೆಗೆ ಹೋಗಲಾರರು.

ಅಂದೂ ಹಾಗೇ ಆಯಿತು. ಸಭಿಕರು ಪ್ರಶ್ನೆ ಕೇಳುವ ಹೊತ್ತಿನಲ್ಲಿ ಎದ್ದವರು ಆ ಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದ, ಈಗ ಮಂಡ್ಯದ ಹತ್ತಿರ ಊರಲ್ಲಿರುವ ಹಿರಿಯರೊಬ್ಬರು. ‘ಅಲ್ಲ ಕಣವ್ವಾ, ಕೋಟಿ ಜನ ಗಡಿ ದಾಟ್ಕಂಡ್ ಬಂದ್ರು. ನಾವು ಹೋಗ್ದೆ ಇದ್ದಿದ್ರೆ ಆ ಜನದ ಗತಿ ಏನಾಯ್ತಿತ್ತು? ನಾವ್ ಮಾಡಿದ್ದು ತಪ್ಪು ಅಂತೀಯಾ?’ ಎಂದರು. ಸಭೆ ಚಪ್ಪಾಳೆ ತಟ್ಟಿತು.

ಹುಡುಗಿ ಚಪ್ಪಾಳೆ ನಿಲ್ಲುವವರೆಗೂ ಕಾದಳು. ‘ನೀವು ಹೋಗಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ ತಾತ. ನಿಮ್ಮನ್ನ ಕಳಿಸಿದ ಸರ್ಕಾರ ವಿಶ್ವಸಂಸ್ಥೆಯಲ್ಲಿ ಏನು ಹೇಳ್ತು ಅನ್ನೋದನ್ನ ಹೇಳ್ತೀನಿ’ ಎಂದಳು.

ಸರ್ಕಾರ ಹೇಳಿದ್ದು ಹೀಗೆ. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಕೊಲೆ ಶುರುಮಾಡಿದ ಮೇಲೆ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಶ್ಚಿಮದ ವಾಯುನೆಲೆಗಳ ಮೇಲೆ ದಾಳಿ ಮಾಡಿದವು. ಮರುದಿನ ಭದ್ರತಾ ಮಂಡಳಿಯಲ್ಲಿ ಭಾರತದ ಪ್ರತಿನಿಧಿ ಸಮರ್ ಸೇನ್, ಪೂರ್ವ ಬಂಗಾಳದ ಜನರನ್ನು ಅವರ ಸಂಕಟದಿಂದ ಪಾರುಮಾಡುವ ಶುದ್ಧ ಉದ್ದೇಶವಷ್ಟೇ ನಮ್ಮದು ಎಂದದ್ದು ನಿಜ. ಆದರೆ ಕಾನೂನಿನ ಮಾತು ಬಂದಾಗ ಭಾರತ ಊರಿದ ಕಾಲು ಆತ್ಮರಕ್ಷಣೆಯ ಮೇಲೆ: ನಮ್ಮ ಮೇಲೆ ದಾಳಿಯಾಗಿದೆ, ಪ್ರತಿಯಾಗಿ ಹೋರಾಡುತ್ತಿದ್ದೇವೆ. ಪರದೇಶದ ಜನರನ್ನು ರಕ್ಷಿಸಲು ಯಾರ ಅನುಮತಿಯೂ ಇಲ್ಲದೆ ನುಗ್ಗುವ ಹಕ್ಕು ರಾಷ್ಟ್ರಗಳಿಗೆ ಇದೆ ಎಂಬ ಹೊಸ ಕಾನೂನನ್ನು ಭಾರತ ಮಂಡಿಸಲಿಲ್ಲ.

ಇದು ನುಣುಚಿಕೊಳ್ಳುವ ಮಾತು ಅನ್ನಿಸಬಹುದು. ಅಲ್ಲ. ನಿಕರಾಗುವ ದೇಶ ಅಮೆರಿಕದ ಮೇಲೆ ಹೂಡಿದ್ದ ಮೊಕದ್ದಮೆಯ 1986ರ ತೀರ್ಪಿನಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿದೆ. ನಿಯಮಕ್ಕೆ ವಿರುದ್ಧವಾಗಿ ಕಾಣುವಂತೆ ನಡೆದುಕೊಂಡ ರಾಷ್ಟ್ರವೊಂದು, ನಿಯಮದೊಳಗೇ ಇರುವ ವಿನಾಯಿತಿಯನ್ನು ತೋರಿಸಿ ತನ್ನನ್ನು ಸಮರ್ಥಿಸಿಕೊಂಡರೆ, ಅದರಿಂದ ನಿಯಮ ಸಡಿಲವಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. 1971ರಲ್ಲಿ ಭಾರತ ಮಾಡಿದ್ದು ಅದನ್ನೇ. ಕಾಂಬೋಡಿಯದಲ್ಲಿ ಪೊಲ್ ಪಾಟ್ ಆಳ್ವಿಕೆಯನ್ನು 1979ರ ಜನವರಿಯಲ್ಲಿ ಕೊನೆಗೊಳಿಸಿದ ವಿಯೆಟ್ನಾಂ ಹೇಳಿದ್ದೂ ಆತ್ಮರಕ್ಷಣೆ ಎಂದೇ. ಅದೇ ವರ್ಷ ಉಗಾಂಡದ ಸರ್ವಾಧಿಕಾರಿ ಇದಿ ಅಮೀನನನ್ನು ಓಡಿಸಿದ ಟಾಂಜಾನಿಯಾ ಹೇಳಿದ್ದೂ ಅದನ್ನೇ, ಏಕೆಂದರೆ ಮೊದಲು ಅದರ ನೆಲಕ್ಕೆ ನುಗ್ಗಿದ್ದು ಅಮೀನನ ಸೇನೆ. ಮಾನವೀಯತೆಯ ವಾದ ಹೂಡಲು ಇವರಿಗಿಂತ ಹೆಚ್ಚಿನ ಕಾರಣ ಯಾರಿಗೂ ಇರಲಿಲ್ಲ. ಮೂವರೂ ಅದನ್ನು ಕಾನೂನಿನ ಆಧಾರವಾಗಿ ಹಿಡಿಯಲಿಲ್ಲ. ಬೆಲ್ಜಿಯಂ ಕೊಟ್ಟ ಪಟ್ಟಿ ಇಲ್ಲಿಗೆ ಕಳಚಿಬೀಳುತ್ತದೆ.

ಆದರೆ ಈ ಪಕ್ಷ ವಹಿಸಿದವರು ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಡಿಸೆಂಬರ್ 3ಕ್ಕೂ ಮುಂಚೆ, ನವೆಂಬರ್ 20-21ರಂದು ಪೂರ್ವ ಪಾಕಿಸ್ತಾನದ ಗರೀಬ್‌ಪುರದಲ್ಲಿ ನಮ್ಮ ಸೇನೆ ಗಡಿ ದಾಟಿ ಕಾದಾಡಿತ್ತು. ಬಂಗಾಳಿ ಹೋರಾಟಗಾರರ ಪಡೆಯಾದ ಮುಕ್ತಿಬಾಹಿನಿಗೆ ತರಬೇತಿ, ಆಯುಧ ಕೊಟ್ಟಿತ್ತು. ಆ ಭಾಗಕ್ಕೆ ಆತ್ಮರಕ್ಷಣೆಯ ವಾದ ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 104 ಮತಗಳಿಂದ, 11 ವಿರೋಧಗಳ ನಡುವೆ, ಕದನ ವಿರಾಮ ಮಾಡಿ ಸೇನೆಗಳನ್ನು ಹಿಂತೆಗೆದುಕೊಳ್ಳಿ ಎಂದು ಕರೆ ಕೊಟ್ಟದ್ದನ್ನೂ ಮುಚ್ಚಿಡಬಾರದು. ಜನ ಸಾಯುತ್ತಿದ್ದಾರೆಂದು ತಿಳಿದೂ ಜಗತ್ತು ಅಂದು ಮಾನವೀಯ ಹಸ್ತಕ್ಷೇಪದ ಹಕ್ಕನ್ನು ಒಪ್ಪಲಿಲ್ಲ. ನಮ್ಮ ದೇಶದ ಬಗ್ಗೆ ಇದನ್ನು ಹೇಳುವುದು ನನಗೆ ಹಿತವಲ್ಲ. ಆದರೆ ನೇಟೊಗೆ ಒಂದು ಅಳತೆ, ನಮಗೊಂದು ಅಳತೆ ಇಟ್ಟುಕೊಂಡು ‘ಎಂದಿಗೂ’ ಎಂಬ ಮಾತನ್ನು ಸಮರ್ಥಿಸಲಾಗದು. ನವೆಂಬರಿನ ಕಾರ್ಯಾಚರಣೆ ಆತ್ಮರಕ್ಷಣೆಯೊಳಗೆ ಹಿಡಿಸಿದರೆ ಕಾನೂನುಬದ್ಧ, ಹಿಡಿಸದಿದ್ದರೆ ಅಲ್ಲ. ಮಾನವೀಯತೆ ಮೂರನೇ ಬಾಗಿಲಾಗುವುದಿಲ್ಲ.

ಹಾಗಾದರೆ ಸಾಯಲು ಬಿಡಬೇಕೆ? ಎದುರಿನ ತಂಡದವರು ಕೊನೆಗೆ ನೆರೆಮನೆಯ ಉದಾಹರಣೆ ತಂದರು. ಪಕ್ಕದ ಮನೆಯಲ್ಲಿ ಗಂಡ ಹೆಂಡತಿಯನ್ನು ಕೊಲ್ಲುತ್ತಿದ್ದಾನೆ, ಪೊಲೀಸರು ಬರುತ್ತಿಲ್ಲ, ನೀವು ಬಾಗಿಲು ಒಡೆಯುವುದಿಲ್ಲವೇ? ಒಡೆಯುತ್ತೇವೆ, ಒಡೆಯಬೇಕು. ನಮ್ಮ ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ಭಾರತೀಯ ನ್ಯಾಯ ಸಂಹಿತೆಯ 35ನೇ ಕಲಮು ನನ್ನ ಮೈಯನ್ನಷ್ಟೇ ಅಲ್ಲ, ಇನ್ನೊಬ್ಬರ ಮೈಯನ್ನು ರಕ್ಷಿಸುವ ಹಕ್ಕನ್ನೂ ಕೊಡುತ್ತದೆ. ಆದರೆ ಮರುದಿನ ಪೊಲೀಸರು ಬಂದೇ ಬರುತ್ತಾರೆ. ನಿಜವಾಗಿ ಕೊಲೆ ನಡೆಯುತ್ತಿತ್ತೇ, ಇಲ್ಲ ಹಳೆಯ ಜಮೀನು ಜಗಳಕ್ಕೆ ಬಾಗಿಲು ಒಡೆದೆಯಾ ಎಂದು ಕೇಳುತ್ತಾರೆ. ನ್ಯಾಯಾಲಯಕ್ಕೆ ಹೋಗಲೇಬೇಕು, ಬರುವುದಿಲ್ಲ ಎನ್ನುವ ಹಾಗಿಲ್ಲ. ರಾಷ್ಟ್ರಗಳ ನಡುವೆ ಇವೆರಡೂ ಇಲ್ಲ. ಇನ್ನೊಬ್ಬರ ಪ್ರಜೆಗಳನ್ನು ರಕ್ಷಿಸುವ ಹಕ್ಕನ್ನು ಸನ್ನದು ಬರೆದಿಲ್ಲ. ಹೇಗ್ ನ್ಯಾಯಾಲಯಕ್ಕೆ ಒಪ್ಪಿಗೆ ಇಲ್ಲದೆ ಯಾವ ದೇಶವನ್ನೂ ಎಳೆಯಲಾಗದು. ಒಡೆದವನೇ ತನಿಖೆಗಾರ, ಒಡೆದವನೇ ನ್ಯಾಯಾಧೀಶ ಎಂಬ ಸ್ಥಿತಿಯಲ್ಲಿ ಹಕ್ಕು ಕೊಟ್ಟರೆ ಅದು ಕಾನೂನಾಗಿ ಉಳಿಯುವುದಿಲ್ಲ.

ರುವಾಂಡದ ಹೆಸರು ಇಲ್ಲಿ ಎತ್ತದೆ ಇರುವವರಿಲ್ಲ. 1994ರಲ್ಲಿ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತರು. ಆದರೆ ಅಲ್ಲಿ ಹೋಗಲು ಸಿದ್ಧವಾದ ಸೇನೆಯನ್ನು ವೀಟೊ ತಡೆಯಲಿಲ್ಲ, ಸನ್ನದೂ ತಡೆಯಲಿಲ್ಲ. ಕೊಲೆ ನಡೆಯುತ್ತಿರುವಾಗಲೇ, ಏಪ್ರಿಲ್ 21ರಂದು, ಮಂಡಳಿ ತನ್ನ 912ನೇ ನಿರ್ಣಯದಿಂದ ಅಲ್ಲಿದ್ದ ಶಾಂತಿಪಾಲನಾ ಪಡೆಯನ್ನು 270 ಜನಕ್ಕೆ ಇಳಿಸಿತು. ಯಾರಿಗೂ ಹೋಗುವ ಮನಸ್ಸಿರಲಿಲ್ಲ. ಅನುಮತಿ ಬೇಡದ ಹಕ್ಕು ಆಗ ಇದ್ದಿದ್ದರೂ ಅದನ್ನು ಬಳಸಲು ಒಂದು ದೇಶವೂ ಕಾದು ನಿಂತಿರಲಿಲ್ಲ. ಹಾಗಾಗಿ ರುವಾಂಡದ ಹೆಣಗಳನ್ನು ಕಾನೂನಿನ ಮೇಲೆ ಹೇರುವುದು ನ್ಯಾಯವಲ್ಲ.

ಕೊಸೊವೊದಲ್ಲೂ ಬಾಂಬು ತಾನು ಹೇಳಿಕೊಂಡ ಕೆಲಸವನ್ನು ಮಾಡಿತೇ ಎಂದು ಕೇಳಬೇಕು. ಎಂಟು ಲಕ್ಷಕ್ಕೂ ಹೆಚ್ಚು ಅಲ್ಬೇನಿಯನ್ನರು ಪ್ರಾಂತದಿಂದ ಹೊರದೂಡಲ್ಪಟ್ಟರು. ಅವರಲ್ಲಿ ಬಹುಪಾಲು ಜನರನ್ನು ಸರ್ಬಿಯಾದ ಪಡೆಗಳು ಓಡಿಸಿದ್ದು ದಾಳಿ ಶುರುವಾದ ಮೇಲೆ. ಪಾಪ ಸರ್ಬಿಯಾದ ಪಡೆಗಳದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಸಾವಿರಾರು ಅಡಿ ಮೇಲಿನಿಂದ ಬಾಂಬು ಹಾಕುವ ವಿಮಾನ ಊರಿನ ಬೀದಿಯಲ್ಲಿ ಬಂದೂಕು ಹಿಡಿದು ಮನೆ ಖಾಲಿ ಮಾಡಿಸುವವನನ್ನು ತಡೆಯಲಾರದು. ಬಾಂಬಿಗೆ ಸುಮಾರು 500 ನಾಗರಿಕರು ಸತ್ತರೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ಲೆಕ್ಕ. ಮಿಲೊಸೆವಿಚ್ ಕೊನೆಗೆ ಮಣಿದ, ಓಡಿಹೋದ ಜನ ಮನೆಗೆ ಮರಳಿದರು, ಅದೂ ನಿಜ. ಫಲ ಒಳ್ಳೆಯದಾದರೂ ಕೆಟ್ಟದಾದರೂ ಕಾನೂನಿನ ಉತ್ತರ ಬದಲಾಗುವುದಿಲ್ಲ, ಆದರೆ ಹಸ್ತಕ್ಷೇಪ ಎಂದರೆ ರಕ್ಷಣೆ ಎಂದು ಮೊದಲೇ ಒಪ್ಪಿಕೊಂಡು ಚರ್ಚೆ ಶುರುಮಾಡಬಾರದು.

ಸ್ವೀಡನ್ ಪ್ರಧಾನಿಯ ಉಪಕ್ರಮದಲ್ಲಿ ರಚನೆಯಾದ, ದಕ್ಷಿಣ ಆಫ್ರಿಕದ ರಿಚರ್ಡ್ ಗೋಲ್ಡ್‌ಸ್ಟೋನ್ ಸಹ-ಅಧ್ಯಕ್ಷರಾಗಿದ್ದ ಸ್ವತಂತ್ರ ಆಯೋಗ 2000ದಲ್ಲಿ ಕೊಟ್ಟ ತೀರ್ಮಾನ ಹೆಸರಾಯಿತು: ನೇಟೊ ದಾಳಿ ಕಾನೂನುಬಾಹಿರ, ಆದರೆ ನೈತಿಕವಾಗಿ ಸಮರ್ಥನೀಯ. ಎದುರಿನ ತಂಡ ಇದನ್ನು ತನ್ನ ಗೆಲುವು ಎಂದು ತಿಳಿಯಿತು. ವಿಷಯವನ್ನು ಇನ್ನೊಮ್ಮೆ ಓದಿ ಎಂದಷ್ಟೇ ಹುಡುಗಿ ಹೇಳಿದಳು. ವಿಷಯದಲ್ಲಿ ಇರುವುದು ಕಾನೂನು. ಸಮರ್ಥಕರೇ ಒಪ್ಪುವ ಆಯೋಗ ‘ಕಾನೂನುಬಾಹಿರ’ ಎಂದಿದೆ. ಕಾನೂನು ಮುರಿದು ಜೀವ ಉಳಿಸಿದವರಿಗೆ ಜಗತ್ತು ಶಿಕ್ಷೆ ಕಡಿಮೆ ಮಾಡಬಹುದು, ಖಂಡಿಸದೆ ಬಿಡಬಹುದು, ಕೈ ಕುಲುಕಲೂಬಹುದು. ಆದರೆ ಮುರಿದದ್ದು ಮುರಿದದ್ದೇ ಎಂದು ದಾಖಲಾಗಬೇಕು. ಆಗ ಮಾತ್ರ ಮುಂದಿನವನು ಅಷ್ಟೇ ಭಾರದ ಕಾರಣ ತೋರಿಸಬೇಕಾಗುತ್ತದೆ.

ಮುಂದಿನವನು ಬಂದದ್ದು 2022ರ ಫೆಬ್ರವರಿ 24ರಂದು. ಪೂರ್ವ ಉಕ್ರೇನಿನ ಡಾನ್ಬಾಸ್‌ನಲ್ಲಿ ಉಕ್ರೇನ್ ಸರ್ಕಾರ ನರಮೇಧ ನಡೆಸುತ್ತಿದೆ, ಅಲ್ಲಿನ ಜನರನ್ನು ಕಾಪಾಡಬೇಕು ಎಂದು ಪುಟಿನ್ ಹೇಳಿದರು. ಆತ್ಮರಕ್ಷಣೆಯ ವಿಧಿಯನ್ನೂ ಹೆಸರಿಸಿದರು. ನರಮೇಧ ಎಂಬ ಮಾತು ಸುಳ್ಳು, ಆ ನೆಪದಲ್ಲಿ ನಮ್ಮ ಮೇಲೆ ಯುದ್ಧ ನಡೆದಿದೆ ಎಂದು ಉಕ್ರೇನ್ ಹೇಗ್‌ಗೆ ಹೋಯಿತು. ಮಾರ್ಚ್ 16ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯ 13-2 ಬಹುಮತದಿಂದ ಸೇನಾ ಕಾರ್ಯಾಚರಣೆ ನಿಲ್ಲಿಸಲು ರಷ್ಯಾಕ್ಕೆ ಹೇಳಿತು. ನರಮೇಧ ತಡೆಯುವ ಹೆಸರಿನಲ್ಲಿ ಇನ್ನೊಂದು ದೇಶದ ಮೇಲೆ ಏಕಪಕ್ಷೀಯವಾಗಿ ಬಲ ಪ್ರಯೋಗಿಸಲು ನರಮೇಧ ಒಪ್ಪಂದ ಅಧಿಕಾರ ಕೊಡುತ್ತದೆ ಎಂಬುದೇ ಸಂದೇಹಾಸ್ಪದ ಎಂದು ಅದೇ ಆದೇಶದಲ್ಲಿ ಬರೆಯಿತು. ಮಧ್ಯಂತರ ಆದೇಶವಾದ್ದರಿಂದ ಅದು ಕೊನೆಯ ಮಾತಲ್ಲ. ಆದರೆ ಕೊಸೊವೊಗಾಗಿ ಮೂರನೇ ಬಾಗಿಲು ತೆಗೆಯಬೇಕು ಎಂದವರು, ಆ ಬಾಗಿಲಿನಿಂದ ಮೊದಲು ಒಳಬರುವವರು ಯಾರು ಎಂಬ ಪ್ರಶ್ನೆಗೆ ಉತ್ತರಿಸಬೇಕಾಯಿತು.

ಅಂದಿನ ಭಾಷಣದಲ್ಲಿ ಒಂದು ಕಡೆ ಮಾತ್ರ ಬಿರುಕಿತ್ತು, ‘ಎಂದಿಗೂ’ ಎಂಬಲ್ಲಿ. ಬ್ರಿಟನ್ ಇಂದಿಗೂ ಈ ಹಕ್ಕನ್ನು ಬಹಿರಂಗವಾಗಿ ಪ್ರತಿಪಾದಿಸುವ ಕೆಲವೇ ದೇಶಗಳಲ್ಲಿ ಒಂದು. 2013ರ ಆಗಸ್ಟಿನಲ್ಲಿ, ಸಿರಿಯಾ ವಿಷಯದಲ್ಲಿ, ಅದು ಮೂರು ಷರತ್ತು ಮುಂದಿಟ್ಟಿತು: ಭೀಕರ ಮಾನವ ಸಂಕಟಕ್ಕೆ ಜಗತ್ತು ಒಪ್ಪುವಂಥ ಪುರಾವೆ ಇರಬೇಕು, ಬೇರೆ ದಾರಿ ಉಳಿದಿರಬಾರದು, ಬಲ ಪ್ರಯೋಗ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. 2018ರ ಏಪ್ರಿಲ್‌ನಲ್ಲಿ ಸಿರಿಯಾದ ಮೇಲೆ ಕ್ಷಿಪಣಿ ಹಾರಿಸಿದಾಗಲೂ ಇದನ್ನೇ ಹೇಳಿತು. ನಾಳೆ ಬಹುಪಾಲು ರಾಷ್ಟ್ರಗಳು ಇಂಥ ಷರತ್ತುಗಳನ್ನು ಕಾನೂನು ಎಂದು ಒಪ್ಪಿದರೆ? ಹುಡುಗಿ ಇದಕ್ಕೆ ತಡವರಿಸಿದಳು. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: ಕಾನೂನು ಬದಲಾಗದು ಎಂದು ವಿಷಯ ಹೇಳುತ್ತಿಲ್ಲ, ಸನ್ನದು ಹೀಗಿರುವವರೆಗೆ ಎಂದು ಹೇಳುತ್ತಿದೆ. ಸನ್ನದನ್ನು ತಿದ್ದುವ ದಾರಿಯನ್ನು 108ನೇ ವಿಧಿ ತೋರಿಸಿದೆ: ಸಾಮಾನ್ಯ ಸಭೆಯ ಮೂರನೇ ಎರಡರಷ್ಟು ಬಹುಮತ, ಆಮೇಲೆ ಐದೂ ಕಾಯಂ ಸದಸ್ಯರು ಸೇರಿದಂತೆ ಮೂರನೇ ಎರಡರಷ್ಟು ರಾಷ್ಟ್ರಗಳ ಅನುಮೋದನೆ. 2005ರ ವಿಶ್ವ ಶೃಂಗಸಭೆಯಲ್ಲಿ ಎಲ್ಲ ರಾಷ್ಟ್ರಗಳೂ ಕೂಡಿ ಜನರನ್ನು ನರಮೇಧದಿಂದ ರಕ್ಷಿಸುವ ಹೊಣೆಯನ್ನು ಒಪ್ಪಿಕೊಂಡಾಗ ಈ ಬದಲಾವಣೆಗೆ ಒಳ್ಳೆಯ ಅವಕಾಶವಿತ್ತು. ಅಂದು ಅವರು ಬರೆದದ್ದು, ಬಲ ಪ್ರಯೋಗ ಬೇಕಾದರೆ ಭದ್ರತಾ ಮಂಡಳಿಯ ಮೂಲಕ, ಪ್ರಕರಣ ಪ್ರಕರಣಕ್ಕೆ ತಕ್ಕಂತೆ ಎಂದು.